‘ಕನ್ನಡ’ ಎಂದು ಒತ್ತಿದರೆ ಅದೇ ಪುಟ ತೆರೆಯಬೇಕು

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಪುಣೆಯಲ್ಲಿರುವ ಮಗ ಒಂದು ದಿನ ವಾಟ್ಸಾಪಿನಲ್ಲಿ ಅವರಿಗೊಂದು ಲಿಂಕ್ ಕಳಿಸಿದ್ದ. ಒಂದು ಕಚೇರಿಯ ಜಾಲತಾಣದಲ್ಲಿದ್ದ, ಅರ್ಜಿ ತುಂಬುವ ಕ್ರಮವನ್ನು ತಿಳಿಸುವ ಪುಟ ಅದು. ಪುಟ ಇಂಗ್ಲಿಷಿನಲ್ಲಿತ್ತು. ಮೇಲೆ ಬಲಗಡೆ ‘ಕನ್ನಡ’ ಎಂಬ ಬಟನ್ ಇತ್ತು. ಮೇಷ್ಟ್ರು ಒತ್ತಿದರು. ಅರ್ಜಿಯ ಪುಟ ಮಾಯವಾಗಿ ತಾಣದ ಮುಖಪುಟ ಬಂತು. ಹಿಂದೆ ಹೋಗಿ ಮತ್ತೆ ಒತ್ತಿದರು, ಮತ್ತೆ ಅದೇ ಮುಖಪುಟ. ಫೋನ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

“ನೋಡಪ್ಪಾ, ಒಳಗೆ ಕೂತು ಮಾತಾಡ್ತಿದ್ದೋನು ‘ಕನ್ನಡದಲ್ಲಿ ಹೇಳಿ’ ಅಂದ ತಕ್ಷಣ ಬೀದಿ ಬಾಗಿಲಿಗೆ ತಂದು ನಿಲ್ಲಿಸಿದ ಹಾಗಾಯ್ತು” ಎಂದರು.

ಇಬ್ಬರೂ ಕೂತು ಮೆನುಗಳನ್ನೆಲ್ಲ ಜಾಲಾಡಿ ಕೊನೆಗೆ ಅರ್ಜಿಯ ಕನ್ನಡ ಪುಟವನ್ನು ಹುಡುಕಿದೆವು. ಅದರಲ್ಲಿದ್ದ ಕೊನೆಯ ದಿನಾಂಕ ಹಿಂದಿನ ವರ್ಷದ್ದು. ಇಂಗ್ಲಿಷ್ ಪುಟವನ್ನು ಯಾರೋ ತಿದ್ದಿದ್ದರು, ಕನ್ನಡದ್ದು ಹಾಗೇ ಉಳಿದಿತ್ತು.

ಜಾಲತಾಣ ಕಟ್ಟುವುದು ನನ್ನ ಕಸುಬು. ಆ ತಾಣದಲ್ಲಿ ಏನಾಗಿದೆ ಎಂದು ನೋಡಿದ ಕೂಡಲೇ ತಿಳಿಯಿತು. ಕನ್ನಡ ಅನುವಾದದಲ್ಲಿ ದೋಷವಿರಲಿಲ್ಲ, ಭಾಷೆ ಚೆನ್ನಾಗಿಯೇ ಇತ್ತು. ಆದರೆ ಈ ಇಂಗ್ಲಿಷ್ ಪುಟಕ್ಕೆ ಆ ಕನ್ನಡ ಪುಟವೇ ಜೋಡಿ ಎಂಬ ಸಂಗತಿಯನ್ನು ಆ ತಾಣದಲ್ಲಿ ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಎರಡು ಭಾಷೆಯ ತಾಣದಲ್ಲಿ ಕಾಣುವ ಬಹುಪಾಲು ತೊಂದರೆಗಳ ಬೇರು ಇಲ್ಲಿದೆ. ಕೆಲವು ತಿಂಗಳ ನಂತರ ನಮ್ಮ ಊರಿನ ಒಂದು ಗ್ರಂಥಾಲಯಕ್ಕೆ ಕನ್ನಡ-ಇಂಗ್ಲಿಷ್ ತಾಣ ಕಟ್ಟುವ ಕೆಲಸ ಬಂದಾಗ ನಾನು ಕಂಪ್ಯೂಟರ್ ತೆರೆಯಲಿಲ್ಲ. ಮೊದಲು ಒಂದು ಹಾಳೆ ತೆಗೆದುಕೊಂಡು ಜೋಡಿಗಳ ಪಟ್ಟಿ ಬರೆದೆ.

ಮೊದಲು ಜೋಡಿಗಳ ಪಟ್ಟಿ

ಹಾಳೆಯಲ್ಲಿ ಮೂರು ಕಲಂ ಎಳೆದೆ. ಮೊದಲನೆಯದರಲ್ಲಿ ಪುಟದ ಗುರುತು, ಎರಡನೆಯದರಲ್ಲಿ ಕನ್ನಡ ಪುಟ, ಮೂರನೆಯದರಲ್ಲಿ ಇಂಗ್ಲಿಷ್ ಪುಟ. ಸದಸ್ಯತ್ವ, ಸಮಯ, ಪುಸ್ತಕ ಹುಡುಕಾಟ, ಓದುವ ಕೋಣೆಯ ನಿಯಮಗಳು, ಸಂಪರ್ಕ ಎಂದು ಬರೆಯುತ್ತಾ ಹೋದಂತೆ ಒಟ್ಟು 14 ಸಾಲುಗಳಾದವು. ಕನ್ನಡದ ಕಲಂ ಪೂರ್ತಿ ತುಂಬಿತು. ಇಂಗ್ಲಿಷಿನ ಕಲಮಿನಲ್ಲಿ 3 ಮನೆಗಳು ಖಾಲಿ ಉಳಿದವು. ಮಕ್ಕಳ ಕಥಾ ಸಮಯ, ತಿಂಗಳ ಕವಿಗೋಷ್ಠಿ ಮತ್ತು ಹಳೆಯ ಪತ್ರಿಕೆಗಳ ಹರಾಜಿನ ಪ್ರಕಟಣೆ ಕನ್ನಡದಲ್ಲಿ ಮಾತ್ರ ಇರುತ್ತವೆ ಎಂದು ಗ್ರಂಥಪಾಲಕರು ಹೇಳಿದರು.

ಈ ಹಾಳೆಯೇ ಮುಂದೆ ತಾಣದ ಡೇಟಾಬೇಸಿನಲ್ಲಿ ಒಂದು ಕೋಷ್ಟಕವಾಯಿತು. ಪ್ರತಿ ವಿಷಯಕ್ಕೂ ಒಂದೇ ಗುರುತು, ಆ ಗುರುತಿನ ಕೆಳಗೆ ಕನ್ನಡಕ್ಕೊಂದು ದಾಖಲೆ, ಇಂಗ್ಲಿಷಿಗೊಂದು ದಾಖಲೆ. ಭಾಷೆ ಬದಲಿಸುವ ಬಟನ್ ಎಲ್ಲಿಗೆ ಹೋಗಬೇಕು, ಗೂಗಲ್‌ಗೆ ಯಾವುದನ್ನು ಜೋಡಿ ಎಂದು ಹೇಳಬೇಕು, ಯಾವ ಪುಟ ಹಳತಾಗಿದೆ ಎಂಬ ಮೂರಕ್ಕೂ ಉತ್ತರ ಈ ಒಂದು ಕೋಷ್ಟಕದಿಂದಲೇ ಬರುತ್ತದೆ.

ಜೋಡಿಯನ್ನು ಒಂದೇ ಕಡೆ ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ವಿಕಿಪೀಡಿಯದ ಹಳೆಯ ದಿನಗಳೇ ಸಾಕ್ಷಿ. ಅಲ್ಲಿ ಒಂದು ಕಾಲದಲ್ಲಿ ಕನ್ನಡ ಲೇಖನದ ತಳದಲ್ಲಿ ಇಂಗ್ಲಿಷ್, ತಮಿಳು, ಹಿಂದಿ ಲೇಖನಗಳ ಹೆಸರುಗಳನ್ನು ಬರೆಯಬೇಕಿತ್ತು. ಆ ಪ್ರತಿಯೊಂದು ಲೇಖನದ ತಳದಲ್ಲಿ ಉಳಿದೆಲ್ಲವುಗಳ ಹೆಸರೂ ಇರಬೇಕಿತ್ತು. ಒಂದು ಲೇಖನದ ಹೆಸರು ಬದಲಾದರೆ ಎಲ್ಲ ಭಾಷೆಗಳಲ್ಲೂ ತಿದ್ದುವ ಕೆಲಸ ಬೀಳುತ್ತಿತ್ತು. 2013ರಲ್ಲಿ ಈ ಕೊಂಡಿಗಳನ್ನೆಲ್ಲ ವಿಕಿಡೇಟಾ ಎಂಬ ಒಂದೇ ಕಣಜಕ್ಕೆ ಸಾಗಿಸಿದರು. ಈಗ ಒಂದು ವಿಷಯಕ್ಕೆ ಒಂದು ಸಂಖ್ಯೆ. ಎಲ್ಲ ಭಾಷೆಯ ಲೇಖನಗಳೂ ಆ ಸಂಖ್ಯೆಯ ಕೆಳಗೆ ಕೂತಿವೆ. ನೂರಾರು ಭಾಷೆಗಳ ವಿಕಿಪೀಡಿಯ ಈ ಪಾಠ ಕಲಿಯಲು ವರ್ಷಗಳು ಹಿಡಿದವು. 14 ಪುಟದ ತಾಣ ಅದನ್ನು ಮೊದಲ ದಿನವೇ ಪಾಲಿಸಬಹುದು.

ಪುಟದ ವಿಳಾಸದಲ್ಲೇ ಭಾಷೆ ಕಾಣಲಿ

ಮುಂದಿನ ಪ್ರಶ್ನೆ ವಿಳಾಸದ್ದು. ಎಷ್ಟೋ ತಾಣಗಳಲ್ಲಿ ಬಟನ್ ಒತ್ತಿದಾಗ ಅಕ್ಷರಗಳು ಕನ್ನಡವಾಗುತ್ತವೆ, ಮೇಲಿನ ವಿಳಾಸ ಮಾತ್ರ ಬದಲಾಗುವುದಿಲ್ಲ. ‘ಈತನಿಗೆ ಕನ್ನಡ ಬೇಕು’ ಎಂದು ತಾಣ ಆ ಬ್ರೌಸರಿನಲ್ಲಿ ಒಂದು ಕುಕೀ ಬರೆದಿಟ್ಟಿರುತ್ತದೆ, ಅಷ್ಟೆ. ನೀವು ಕನ್ನಡದಲ್ಲಿ ಓದಿದ ಪುಟದ ಲಿಂಕನ್ನು ತಂಗಿಗೆ ಕಳಿಸಿದರೆ ಅವಳ ಫೋನಿನಲ್ಲಿ ಆ ಕುಕೀ ಇರುವುದಿಲ್ಲ, ಆದ್ದರಿಂದ ಅವಳಿಗೆ ಇಂಗ್ಲಿಷ್ ಪುಟವೇ ಕಾಣುತ್ತದೆ. ಗೂಗಲ್‌ನ ಶೋಧಕ್ಕೂ ಅದೇ ಗತಿ. ಒಂದು ವಿಳಾಸಕ್ಕೆ ಅದು ಒಂದೇ ಪುಟವನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಕನ್ನಡದ ಪುಟ ಅದರ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಎರಡು ಭಾಷೆಗೆ ಎರಡು ವಿಳಾಸ ಇರಲೇಬೇಕು.

ಅದನ್ನು ಮಾಡಲು ರೂಢಿಯಲ್ಲಿರುವ ದಾರಿಗಳು ಮೂರು. ವಿಕಿಪೀಡಿಯದಂತೆ `kn.` ಎಂದು ಡೊಮೇನಿನ ಮುಂದೆ ಸೇರಿಸುವುದು ಒಂದು. ಎರಡು ಭಾಷೆಯನ್ನು ಎರಡು ತಂಡಗಳು ನಡೆಸುವಲ್ಲಿ ಅದು ಸರಿ, ಚಿಕ್ಕ ತಾಣಕ್ಕೆ ನಿರ್ವಹಣೆಯ ಹೊರೆ. ವಿಳಾಸದ ಕೊನೆಗೆ `?lang=kn` ಎಂದು ಅಂಟಿಸುವುದು ಇನ್ನೊಂದು. ಒಳಗಿನ ಲಿಂಕುಗಳಲ್ಲಿ ಆ ಬಾಲ ಒಂದು ಕಡೆ ಬಿಟ್ಟುಹೋದರೂ ಓದುಗ ಇಂಗ್ಲಿಷಿಗೆ ಜಾರಿಬಿಡುತ್ತಾನೆ. ಮೂರನೆಯದು ಫೋಲ್ಡರಿನ ದಾರಿ. ಕನ್ನಡವೆಲ್ಲ `/kn/` ಒಳಗೆ, ಇಂಗ್ಲಿಷೆಲ್ಲ `/en/` ಒಳಗೆ. ಗ್ರಂಥಾಲಯಕ್ಕೆ ನಾವು ಆರಿಸಿದ್ದು ಇದನ್ನೇ. ವಿಳಾಸ ನೋಡಿದರೆ ಭಾಷೆ ಗೊತ್ತಾಗುತ್ತದೆ, ಒಂದೇ ಡೊಮೇನ್ ಸಾಕು.

ಇಲ್ಲಿ ಸೇರಿಸಬೇಕಾದ ಒಂದು ಎಚ್ಚರಿಕೆ ಇದೆ. ಕನ್ನಡದ ಸಂಕೇತ `kn`. ಕರ್ನಾಟಕ ಎಂಬ ಹೆಸರು ನೆನಪಿಗೆ ಬಂದು ಕೆಲವರು `ka` ಎಂದು ಬರೆದುಬಿಡುತ್ತಾರೆ. ಭಾಷಾ ಸಂಕೇತಗಳಲ್ಲಿ `ka` ಎಂದರೆ ಜಾರ್ಜಿಯ ದೇಶದ ಜಾರ್ಜಿಯನ್ ಭಾಷೆ.

ಫೋಲ್ಡರಿನ ಮುಂದಿನ ಭಾಗ ಯಾವ ಲಿಪಿಯಲ್ಲಿರಬೇಕು ಎಂಬ ಬಗ್ಗೆ ಗ್ರಂಥಾಲಯದ ಸಮಿತಿಯಲ್ಲಿ ಚರ್ಚೆಯಾಯಿತು. `/kn/ಸದಸ್ಯತ್ವ` ಎಂದೇ ಇರಲಿ ಎಂದು ಹಿರಿಯರೊಬ್ಬರು ಕೇಳಿದರು. ಹಾಗೆ ಇಡಬಹುದು, ಬ್ರೌಸರಿನಲ್ಲಿ ಕನ್ನಡವಾಗಿಯೇ ಕಾಣುತ್ತದೆ. ತೊಂದರೆ ಬರುವುದು ಅದನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದಾಗ. ಯೂನಿಕೋಡಿನ ಲೆಕ್ಕದಲ್ಲಿ ‘ಸದಸ್ಯತ್ವ’ ಎಂಬ ಪದದಲ್ಲಿ ಅರ್ಧಾಕ್ಷರದ ಚಿಹ್ನೆಗಳೂ ಸೇರಿ 8 ಘಟಕಗಳಿವೆ. ಅಂಟಿಸಿದ ಕಡೆ ಒಂದೊಂದೂ `%E0%B2%B8` ಎಂಬಂತೆ 9 ಅಕ್ಷರಗಳಾಗಿ ಹಿಗ್ಗಬಹುದು. ಒಂದು ಪದಕ್ಕೆ 72 ಅಕ್ಷರ! ಈ ವಿಳಾಸವನ್ನು ಗ್ರಂಥಾಲಯದ ಸೂಚನಾ ಫಲಕದ ಮೇಲೆ ಬರೆದರೆ ನೋಡಿ ಟೈಪ್ ಮಾಡುವವರಿಗೆ ಕನ್ನಡ ಕೀಲಿಮಣೆ ಬೇಕು, ಮಿಂಚಂಚೆಯಲ್ಲಿ ಹೋದರೆ ಉದ್ದದ ಗೋಜಲು. ಕೊನೆಗೆ ಎರಡೂ ಕಡೆ ಒಂದೇ ಚಿಕ್ಕ ಹೆಸರು ಎಂದು ತೀರ್ಮಾನವಾಯಿತು: `/kn/membership` ಮತ್ತು `/en/membership`. ಪುಟದ ಶೀರ್ಷಿಕೆ, ಒಳಗಿನ ಮಾತು, ಮೆನು ಎಲ್ಲವೂ ಕನ್ನಡದಲ್ಲೇ. ವಿಳಾಸದ ಬಾಲ ಮಾತ್ರ ಎರಡಕ್ಕೂ ಸಮಾನ.

ಬಟನ್ ಎಂದರೆ ಒಂದು ಸಾದಾ ಲಿಂಕ್

ಪಟ್ಟಿ ಮತ್ತು ವಿಳಾಸ ಸಿದ್ಧವಾದ ಮೇಲೆ ಭಾಷೆ ಬದಲಿಸುವ ಬಟನ್‌ಗೆ ಜಾಣತನವೇ ಬೇಡ. ಇಂಗ್ಲಿಷಿನ ಸದಸ್ಯತ್ವ ಪುಟದಲ್ಲಿ ಅದು ಹೀಗಿದೆ:

```html
<a href="/kn/membership" lang="kn" hreflang="kn">ಕನ್ನಡ</a>
```

ಈ ಸಾಲಿನ ವಿಳಾಸವನ್ನು ಯಾರೂ ಕೈಯಲ್ಲಿ ಬರೆಯುವುದಿಲ್ಲ. ಪುಟ ತಯಾರಾಗುವಾಗ ಸರ್ವರ್ ಕೋಷ್ಟಕವನ್ನು ನೋಡಿ, ಈ ಗುರುತಿನ ಕನ್ನಡ ದಾಖಲೆಯ ವಿಳಾಸವನ್ನು ಅಲ್ಲಿ ತುಂಬುತ್ತದೆ. ಮೇಷ್ಟ್ರನ್ನು ಸತಾಯಿಸಿದ ತಾಣದಲ್ಲಿ ಎಲ್ಲ ಪುಟಗಳಲ್ಲೂ ಈ ಜಾಗದಲ್ಲಿ ಕನ್ನಡ ಮುಖಪುಟದ ವಿಳಾಸವನ್ನು ಒಮ್ಮೆ ಬರೆದು ಬಿಟ್ಟಿದ್ದರು.

ಬಟನ್ ಮೇಲಿನ ಹೆಸರನ್ನು ಆಯಾ ಭಾಷೆಯಲ್ಲೇ ಬರೆಯಬೇಕು. ಇಂಗ್ಲಿಷ್ ಪುಟದಲ್ಲಿ `Kannada` ಎಂದು ಬರೆದರೆ, ಇಂಗ್ಲಿಷ್ ಓದಲು ಬಾರದೆ ಕನ್ನಡ ಹುಡುಕುವವರಿಗೆ ಅದು ಕಣ್ಣಿಗೇ ಬೀಳದು. ‘ಕನ್ನಡ’ ಎಂಬ ಮೂರು ಅಕ್ಷರಗಳನ್ನು ಎಂಥ ಇಂಗ್ಲಿಷ್ ಗದ್ದಲದ ನಡುವೆಯೂ ಕನ್ನಡಿಗನ ಕಣ್ಣು ಹಿಡಿಯುತ್ತದೆ. ಹಾಗೆಯೇ ಬಾವುಟದ ಚಿತ್ರ ಬೇಡ. ಬಾವುಟ ದೇಶದ ಗುರುತು, ಭಾಷೆಯದಲ್ಲ. ಬ್ರಿಟನ್ನಿನ ಬಾವುಟ ಒತ್ತಿದರೆ ಹಾವೇರಿಯ ಗ್ರಂಥಾಲಯದ ಇಂಗ್ಲಿಷ್ ಪುಟ ಬರುತ್ತದೆ ಎಂದು ಓದುಗ ಏಕೆ ಊಹಿಸಬೇಕು?

ಕೆಲವರು ಬಟನ್‌ನ ಗೊಡವೆಯೇ ಬೇಡವೆಂದು, ಫೋನ್ ಯಾವ ಭಾಷೆಯಲ್ಲಿದೆಯೋ ಆ ಭಾಷೆಯ ಪುಟಕ್ಕೆ ತಾನಾಗಿ ತಳ್ಳುವ ವ್ಯವಸ್ಥೆ ಮಾಡುತ್ತಾರೆ. ಬ್ರೌಸರ್ ಪ್ರತಿ ಬಾರಿಯೂ `Accept-Language` ಎಂಬ ಚೀಟಿಯಲ್ಲಿ ತನ್ನ ಭಾಷೆಯನ್ನು ಸರ್ವರಿಗೆ ತಿಳಿಸುತ್ತದೆ, ಅದನ್ನು ನಂಬಿ ಮಾಡುವ ಕೆಲಸ ಇದು. ನಮ್ಮಲ್ಲಿ ಅದು ಕೆಲಸ ಮಾಡದು. ಮನೆಯಲ್ಲಿ, ಅಂಗಡಿಯಲ್ಲಿ, ವಾಟ್ಸಾಪಿನಲ್ಲಿ ಕನ್ನಡವನ್ನೇ ಬಳಸುವ ಎಷ್ಟೋ ಜನರ ಫೋನು ಕೊಂಡ ದಿನ ಇದ್ದಂತೆ ಇಂಗ್ಲಿಷಿನಲ್ಲೇ ಇರುತ್ತದೆ. ಚೀಟಿ ಇಂಗ್ಲಿಷ್ ಎನ್ನುತ್ತದೆ, ಓದುಗನಿಗೆ ಬೇಕಾದದ್ದು ಕನ್ನಡ. ಅದೂ ಅಲ್ಲದೆ ಗೂಗಲ್‌ನ ಶೋಧಯಂತ್ರ ಸಾಮಾನ್ಯವಾಗಿ ಆ ಚೀಟಿಯನ್ನೇ ಕಳಿಸುವುದಿಲ್ಲ, ತಳ್ಳುವ ವ್ಯವಸ್ಥೆ ಇದ್ದರೆ ಅದು ಒಂದೇ ಭಾಷೆಯ ಕಡೆಗೆ ಹೋಗಿ ನಿಲ್ಲಬಹುದು. ನಾವು ಪಾಲಿಸಿದ ನಿಯಮ ಇಷ್ಟು: ಡೊಮೇನನ್ನಷ್ಟೇ ಟೈಪ್ ಮಾಡಿ ಬಂದವರಿಗೆ ಕನ್ನಡ ಮುಖಪುಟ, ಹಿಂದೆ ಇಂಗ್ಲಿಷ್ ಆರಿಸಿದ್ದರೆ ಇಂಗ್ಲಿಷ್ ಮುಖಪುಟ. ಒಳಪುಟದ ಲಿಂಕ್ ಹಿಡಿದು ಬಂದವರನ್ನು ಎಲ್ಲಿಗೂ ತಳ್ಳುವಂತಿಲ್ಲ. ಲಿಂಕ್ ಯಾವ ಭಾಷೆಯದೋ ಅದೇ ಪುಟ ತೆರೆಯಬೇಕು.

ಓದುವ ಯಂತ್ರಗಳಿಗೂ ತಿಳಿಯಬೇಕು

ಮನುಷ್ಯನಿಗೆ ಪುಟ ನೋಡಿದರೆ ಭಾಷೆ ಗೊತ್ತಾಗುತ್ತದೆ. ಬ್ರೌಸರಿಗೆ, ಸ್ಕ್ರೀನ್ ರೀಡರಿಗೆ, ಗೂಗಲ್‌ಗೆ ಹೇಳಬೇಕಾಗುತ್ತದೆ. ಕನ್ನಡ ಸದಸ್ಯತ್ವ ಪುಟದ ತಲೆಯಲ್ಲಿ ನಾವು ಬರೆದ ಸಾಲುಗಳಿವು:

```html
<html lang="kn">
<link rel="canonical" href="https://example.org/kn/membership">
<link rel="alternate" hreflang="kn" href="https://example.org/kn/membership">
<link rel="alternate" hreflang="en" href="https://example.org/en/membership">
```

ಮೊದಲ ಸಾಲು ಪುಟದ ಭಾಷೆಯನ್ನು ಹೇಳುತ್ತದೆ. ಕಣ್ಣು ಕಾಣದ ಓದುಗರು ಫೋನಿನ ಸ್ಕ್ರೀನ್ ರೀಡರ್ ಬಳಸಿ ಪುಟವನ್ನು ಕೇಳುತ್ತಾರಲ್ಲ, ಕನ್ನಡದ ಧ್ವನಿಯಲ್ಲಿ ಓದಬೇಕೋ ಇಂಗ್ಲಿಷಿನದರಲ್ಲೋ ಎಂದು ಅದು ನಿರ್ಧರಿಸುವುದು ಈ ಸಾಲು ನೋಡಿ. ಇಂಗ್ಲಿಷ್ ಮಾದರಿಯನ್ನು ನಕಲು ಮಾಡಿ ಕನ್ನಡ ಪುಟ ಕಟ್ಟಿದವರು ಇಲ್ಲಿ `en` ಎಂದೇ ಬಿಟ್ಟಿರುವುದು ತೀರ ಸಾಮಾನ್ಯ. ಆಗ ಇಂಗ್ಲಿಷ್ ಧ್ವನಿ ಕನ್ನಡದ ಅಕ್ಷರಗಳ ಮೇಲೆ ಎಡವುತ್ತದೆ ಅಥವಾ ಅವನ್ನು ಹಾರಿಸಿ ಮುಂದೆ ಹೋಗುತ್ತದೆ.

ಪುಟದ ಒಳಗೂ ಇದೇ ಗುರುತು ಬೇಕಾಗುತ್ತದೆ. ಗ್ರಂಥಾಲಯದ ಇಂಗ್ಲಿಷ್ ಪಟ್ಟಿಯಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಇದೆ. ಪುಸ್ತಕದ ಬೆನ್ನಿನ ಮೇಲೆ ಕನ್ನಡದಲ್ಲಿ ಅಚ್ಚಾಗಿರುವ ಹೆಸರು ಪರದೆಯ ಮೇಲೂ ಕನ್ನಡದಲ್ಲೇ ಇರಬೇಕು, ಆದ್ದರಿಂದ ಆ ಹೆಸರಿಗಷ್ಟೇ `lang="kn"` ಎಂದು ಹಾಕಿದೆವು. ಪಕ್ಕದಲ್ಲಿ ಇಂಗ್ಲಿಷ್ ಲಿಪಿಯಲ್ಲೂ ಅದೇ ಹೆಸರು ಇದೆ, ಕನ್ನಡ ಮಾತಾಡಲು ಬಂದರೂ ಓದಲು ಬಾರದ ಹೊರನಾಡಿನ ಮಕ್ಕಳು ಹಾಗೆಯೇ ಹುಡುಕುತ್ತಾರೆ.

ಕೊನೆಯ ಎರಡು ಸಾಲುಗಳು ಜೋಡಿಯನ್ನು ಗೂಗಲ್‌ಗೆ ಹೇಳುತ್ತವೆ. ಇದರಲ್ಲಿ ಮುಖ್ಯವಾದದ್ದು ಪರಸ್ಪರ ಒಪ್ಪಿಗೆ. ಕನ್ನಡ ಪುಟ ಇಂಗ್ಲಿಷನ್ನು ತೋರಿಸಿ, ಇಂಗ್ಲಿಷ್ ಪುಟ ಕನ್ನಡವನ್ನು ತೋರಿಸದಿದ್ದರೆ ಗೂಗಲ್ ಆ ಜೋಡಿಯನ್ನು ಪರಿಗಣಿಸುವುದಿಲ್ಲ. ವಿಳಾಸ `https` ಸಮೇತ ಪೂರ್ತಿಯಾಗಿ ಇರಬೇಕು, ಪುಟ ತನ್ನ ಹೆಸರನ್ನೂ ಪಟ್ಟಿಯಲ್ಲಿ ಹೇಳಬೇಕು. ಕೋಷ್ಟಕದಿಂದಲೇ ಈ ಸಾಲುಗಳು ಹುಟ್ಟುವುದರಿಂದ ನಮಗೆ ಇದಕ್ಕೆ ಬೇರೆ ಶ್ರಮ ಬೀಳಲಿಲ್ಲ.

ನಡುವಿನ `canonical` ಸಾಲು ‘ಈ ವಿಷಯಕ್ಕೆ ಮೂಲ ಪುಟ ಇದು’ ಎಂದು ಹೇಳುತ್ತದೆ. ಅಲ್ಲಿ ಕನ್ನಡ ಪುಟ ತನ್ನನ್ನೇ ಹೆಸರಿಸಬೇಕು. ನಾನು ದುರಸ್ತಿಗೆ ತೆಗೆದುಕೊಂಡ ಒಂದು ತಾಣದಲ್ಲಿ ಕನ್ನಡ ಪುಟಗಳೆಲ್ಲ ಇಂಗ್ಲಿಷ್ ಪುಟವನ್ನು ಮೂಲವೆಂದು ಹೆಸರಿಸಿದ್ದವು. ಕನ್ನಡ ಪುಟ ನಕಲು ಎಂದು ತಾಣವೇ ಹೇಳಿದ ಮೇಲೆ ಗೂಗಲ್ ಅದನ್ನು ಏಕೆ ತೋರಿಸುತ್ತದೆ? ನಿಮ್ಮ ತಾಣದಲ್ಲಿ ಹೀಗಾಗಿದೆಯೇ ಎಂದು ತಿಳಿಯಲು ಗೂಗಲ್‌ನಲ್ಲಿ `site:example.org/kn/` ಎಂದು, ಡೊಮೇನಿನ ಜಾಗದಲ್ಲಿ ನಿಮ್ಮದನ್ನು ಹಾಕಿ ಹುಡುಕಿ. ಎಷ್ಟೋ ದಿನದಿಂದ ಇರುವ ಕನ್ನಡ ಪುಟಗಳು ಒಂದೂ ಬಾರದಿದ್ದರೆ ಮೊದಲು ಈ ಸಾಲನ್ನು ನೋಡಬೇಕು.

ಜೋಡಿ ಇಲ್ಲದ ಪುಟ, ಹಳತಾದ ಪುಟ

ಪಟ್ಟಿಯಲ್ಲಿ 3 ಮನೆಗಳು ಖಾಲಿ ಇದ್ದವಲ್ಲ, ಅವುಗಳಿಗೆ ಏನು ಮಾಡುವುದು? ಹಲವು ತಾಣಗಳು ಇಂಥ ಕಡೆ ಮೆನುವನ್ನು ಒಂದು ಭಾಷೆಗೆ ತಿರುಗಿಸಿ, ಒಳಗಿನ ಮಾತನ್ನು ಇನ್ನೊಂದು ಭಾಷೆಯಲ್ಲೇ ಬಿಡುತ್ತವೆ. ಹೊರಗೆ ಇಂಗ್ಲಿಷ್, ಒಳಗೆ ಕನ್ನಡ. ಓದುಗನಿಗೂ ಯಂತ್ರಕ್ಕೂ ಅದು ಗೊಂದಲ. ನಾವು ಆ ಇಂಗ್ಲಿಷ್ ಪುಟಗಳನ್ನು ಹುಟ್ಟಿಸಲೇ ಇಲ್ಲ. ಕವಿಗೋಷ್ಠಿಯ ಕನ್ನಡ ಪುಟದಲ್ಲಿ, ಬಟನ್ ಇರಬೇಕಾದ ಜಾಗದಲ್ಲಿ, ಈ ಪುಟ ಕನ್ನಡದಲ್ಲಿ ಮಾತ್ರ ಇದೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತದೆ. ಗೂಗಲ್‌ಗೂ ಆ ಪುಟ ಇಂಗ್ಲಿಷ್ ಜೋಡಿಯನ್ನು ಹೇಳುವುದಿಲ್ಲ.

ಹಳತಾಗುವ ಪುಟದ್ದು ಇದಕ್ಕಿಂತ ಕಠಿಣ ಸಮಸ್ಯೆ, ಏಕೆಂದರೆ ಅದು ಹೊರಗೆ ಕಾಣುವುದಿಲ್ಲ. ಮೇಷ್ಟ್ರ ಅರ್ಜಿಯ ಹಳೆಯ ದಿನಾಂಕ ಅಂಥದ್ದು. ಇದಕ್ಕೆ ನಾವು ಎರಡು ಕೆಲಸ ಮಾಡಿದೆವು. ಶುಲ್ಕ, ಸಮಯ, ದೂರವಾಣಿ ಸಂಖ್ಯೆ, ಕೊನೆಯ ದಿನಾಂಕ ಇವನ್ನು ಯಾವ ಪುಟದ ವಾಕ್ಯದೊಳಗೂ ಟೈಪ್ ಮಾಡಲಿಲ್ಲ. ಒಂದೇ ಕಡೆ ಬರೆದಿಟ್ಟು ಎರಡೂ ಪುಟಗಳು ಅಲ್ಲಿಂದಲೇ ಓದಿಕೊಳ್ಳುವಂತೆ ಮಾಡಿದೆವು. ಗ್ರಂಥಪಾಲಕರು ಶುಲ್ಕವನ್ನು ಒಂದು ಕಡೆ ತಿದ್ದಿದರೆ ಎರಡು ಭಾಷೆಯಲ್ಲೂ ಬದಲಾಗುತ್ತದೆ.

ವಿವರಣೆಯ ಮಾತುಗಳಿಗೆ ಹೀಗೆ ಮಾಡಲಾಗದು, ಅವನ್ನು ಮನುಷ್ಯರೇ ಎರಡು ಸಲ ಬರೆಯಬೇಕು. ಅದಕ್ಕೆ ಆವೃತ್ತಿ ಸಂಖ್ಯೆ ಇಟ್ಟೆವು. ನಿಯಮಗಳ ಕನ್ನಡ ಪುಟ 6ನೇ ಆವೃತ್ತಿಯಲ್ಲಿದ್ದಾಗ ಇಂಗ್ಲಿಷ್ ಬರೆದಿದ್ದರೆ, ಇಂಗ್ಲಿಷ್ ದಾಖಲೆಯಲ್ಲಿ ‘6ರಿಂದ’ ಎಂದು ಇರುತ್ತದೆ. ಕನ್ನಡದಲ್ಲಿ ಒಂದು ನಿಯಮ ಸೇರಿ ಅದು 7 ಆದ ಕೂಡಲೇ ಗ್ರಂಥಪಾಲಕರ ಪರದೆಯಲ್ಲಿ ಆ ಸಾಲು ಕೆಂಪಾಗುತ್ತದೆ. ಇಂಗ್ಲಿಷನ್ನು ತಿದ್ದುವವರೆಗೂ ಆ ಪುಟದ ಮೇಲೆ, ಕನ್ನಡ ಪುಟದಲ್ಲಿ ಹೊಸ ಬದಲಾವಣೆ ಇದೆ ಎಂಬ ಸೂಚನೆ ಕಾಣುತ್ತದೆ. ಕಾಗುಣಿತ ತಿದ್ದಿದ್ದಕ್ಕೆಲ್ಲ ಸಂಖ್ಯೆ ಏರಿಸಬಾರದು, ಅರ್ಥ ಬದಲಾದಾಗ ಮಾತ್ರ. ಇಲ್ಲವಾದರೆ ಪರದೆ ಸದಾ ಕೆಂಪಾಗಿದ್ದು ಯಾರೂ ಅದರತ್ತ ನೋಡುವುದಿಲ್ಲ.

ಕನ್ನಡದ ವಿಭಕ್ತಿ ಕೊಟ್ಟ ಪಾಠ

ಮೆನು, ಬಟನ್, ಸೂಚನೆಗಳಂಥ ಚಿಕ್ಕ ಮಾತುಗಳನ್ನು ಎರಡು ಕಡತಗಳಲ್ಲಿ ಇಡುವುದು ರೂಢಿ, ಒಂದು ಕನ್ನಡಕ್ಕೆ, ಒಂದು ಇಂಗ್ಲಿಷಿಗೆ. ಖಾಲಿ ಜಾಗ ಬಿಟ್ಟ ವಾಕ್ಯದಲ್ಲಿ ಹೆಸರನ್ನು ಯಂತ್ರ ತುಂಬುತ್ತದೆ. ಇಂಗ್ಲಿಷಿನಲ್ಲಿ ಲೇಖಕರ ಹೆಸರಿನ ಹಿಂದೆ `by` ಎಂದಿಟ್ಟರೆ ಯಾವ ಹೆಸರು ಬಂದರೂ ವಾಕ್ಯ ಕೆಡುವುದಿಲ್ಲ. ಕನ್ನಡದಲ್ಲಿ ಪ್ರತ್ಯಯ ಹೆಸರಿಗೇ ಅಂಟುತ್ತದೆ. ಖಾಲಿ ಜಾಗದ ಮುಂದೆ ‘ರ’ ಎಂದು ಇಟ್ಟು ಪರೀಕ್ಷಿಸಿದಾಗ ‘ಕಾರಂತರ 12 ಪುಸ್ತಕಗಳು’ ಎಂದು ಚೆನ್ನಾಗಿ ಬಂತು. ಮರುಕ್ಷಣ ‘ಬೇಂದ್ರೆರ 9 ಪುಸ್ತಕಗಳು’ ಎಂದು ಬಂತು. ಬೇಂದ್ರೆಗೆ ‘ಯ’ ಬೇಕು, ಕುವೆಂಪುಗೆ ‘ವಿನ’ ಬೇಕು, ಎಲ್ಲಕ್ಕೂ ಹೊಂದುವ ಒಂದು ಪ್ರತ್ಯಯ ಇಲ್ಲ. ಆದ್ದರಿಂದ ಇಂಗ್ಲಿಷ್ ವಾಕ್ಯದ ಅಚ್ಚನ್ನು ಬಿಟ್ಟು ‘ಲೇಖಕರು: ಬೇಂದ್ರೆ. ಪುಸ್ತಕಗಳು: 9’ ಎಂದು ಬರೆದೆವು. ಹೆಸರಿಗೆ ಏನೂ ಅಂಟದಂಥ ವಾಕ್ಯವನ್ನು ಕನ್ನಡದಲ್ಲಿ ಮೊದಲೇ ಯೋಚಿಸಿ ಬರೆಯುವುದೊಂದೇ ಇದಕ್ಕೆ ದಾರಿ.

ಗ್ರಂಥಾಲಯದ ಹಳೆಯ ಕಡತಗಳಿಂದ ಮಾತುಗಳನ್ನು ತಂದು ಅಂಟಿಸುವಾಗ ಇನ್ನೊಂದು ಅಡ್ಡಿ ಎದುರಾಯಿತು. ಪರದೆಯ ಮೇಲೆ ‘ಕನ್ನಡ’ ಇರಬೇಕಾದ ಕಡೆ `PÀ£ÀßqÀ` ಎಂದು ಬಂತು. ಅವು ಯೂನಿಕೋಡ್‌ ಅಲ್ಲದ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿ, ಒತ್ತಕ್ಷರಗಳನ್ನು ಒಂದೊಂದಾಗಿ ಓದಿ ನೋಡಿದ ಮೇಲಷ್ಟೇ ತಾಣಕ್ಕೆ ಸೇರಿಸಿದೆವು.

ಹೋಗಿ ಬರುವ ಪರೀಕ್ಷೆ

ತಾಣ ಸಿದ್ಧವಾದ ದಿನ ಒಂದು ಸರಳ ಪರೀಕ್ಷೆ ಮಾಡಿದೆವು. ಪ್ರತಿ ಪುಟ ತೆರೆದು ಭಾಷೆ ಬದಲಿಸುವುದು, ಬಂದ ಪುಟದಲ್ಲಿ ಮತ್ತೆ ಬದಲಿಸುವುದು. ಹೊರಟ ವಿಳಾಸಕ್ಕೇ ಅಕ್ಷರ ತಪ್ಪದೆ ಮರಳಬೇಕು. ಜೋಡಿಯಿರುವ 11 ಪುಟಗಳಲ್ಲಿ 10 ಸರಿಯಾಗಿ ಮರಳಿದವು. ಪುಸ್ತಕ ಹುಡುಕಾಟದ ಪುಟ ಮರಳಲಿಲ್ಲ. ‘ಕಾರಂತ’ ಎಂದು ಹುಡುಕಿ ಭಾಷೆ ಬದಲಿಸಿದರೆ ಪುಟವೇನೋ ಅದೇ ಬಂತು, ಆದರೆ ಹುಡುಕಾಟದ ಪೆಟ್ಟಿಗೆ ಖಾಲಿಯಾಗಿತ್ತು. ವಿಳಾಸದ ಕೊನೆಯಲ್ಲಿ ಹುಡುಕಿದ ಪದವನ್ನು ಹೊತ್ತಿದ್ದ `?q=` ಎಂಬ ಭಾಗವನ್ನು ಬಟನ್ ಹಿಂದೆ ಬಿಟ್ಟು ಹೋಗುತ್ತಿತ್ತು. ಅದನ್ನೂ ಹೊತ್ತೊಯ್ಯುವಂತೆ ತಿದ್ದಿ ಮತ್ತೆ ನೋಡಿದೆವು, ಮರಳಿತು.

ಪರೀಕ್ಷೆ ಮಾಡಲು ಮೇಷ್ಟ್ರನ್ನೂ ಕರೆದಿದ್ದೆ. ಮಗನಿಗೆ ಕಳಿಸುತ್ತೇನೆಂದು ಸದಸ್ಯತ್ವದ ಕನ್ನಡ ಪುಟದ ಲಿಂಕನ್ನು ಪುಣೆಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಮೊಮ್ಮಗಳ ಉತ್ತರ ಬಂತು. ಅವಳಿಗೆ ಕನ್ನಡ ಓದಲು ಬಾರದು. ಬಟನ್ ಒತ್ತಿ ಅದೇ ಪುಟವನ್ನು ಇಂಗ್ಲಿಷಿನಲ್ಲಿ ಓದಿಕೊಂಡು, ಮಕ್ಕಳಿಗೆ ಸದಸ್ಯತ್ವ ಶುಲ್ಕ ಇದೆಯೇ ಎಂದು ಅಜ್ಜನನ್ನು ಕೇಳಿದ್ದಳು. ಮೇಷ್ಟ್ರು ತಮ್ಮ ಕನ್ನಡ ಪುಟದಲ್ಲಿ ಮೂರನೇ ಸಾಲಿನ ಮೇಲೆ ಬೆರಳಿಟ್ಟು, “ನಿನ್ನದರಲ್ಲೂ ಮೂರನೇ ಸಾಲು ನೋಡು ಪುಟ್ಟಿ” ಎಂದು ಹೇಳಿ ಕಳಿಸಿದರು.